ಮೈಲುತುತ್ತ ಕಲಸೋಕೆ ಯಾವ ಬಕೆಟ್? ವಿಭವದ ಪಟ್ಟಿಯನ್ನೇ ಕೇಳೋಣ

ಬೋರ್ಡೋ ದ್ರಾವಣ ತಯಾರಿಸೋ ರೈತರಿಗೆ ಕೃಷಿ ಇಲಾಖೆಯವರು ಎರಡು ಮಾತು ತಪ್ಪದೆ ಹೇಳುತ್ತಾರೆ. ಒಂದು, ಮೈಲುತುತ್ತವನ್ನು ಕಬ್ಬಿಣದ ಬಕೆಟ್ಟಿನಲ್ಲಾಗಲಿ ತಗಡಿನ ಡಬ್ಬಿಯಲ್ಲಾಗಲಿ ಕರಗಿಸಬೇಡಿ. ಪ್ಲಾಸ್ಟಿಕ್, ಮಣ್ಣು ಅಥವಾ ಮರದ ಪಾತ್ರೆ ಬಳಸಿ. ಎರಡು, ದ್ರಾವಣ ಸಿದ್ಧವಾದ ಮೇಲೆ ಚೆನ್ನಾಗಿ ಉಜ್ಜಿದ ಕುಡುಗೋಲನ್ನೋ ಚಾಕುವನ್ನೋ ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಲೇಪ ಬಂದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ, ಬರದಿದ್ದರೆ ಸಿಂಪಡಿಸಿ.

ಈ ಎರಡು ಮಾತಿಗೂ ಕಾರಣ ನಿಮ್ಮ ರಸಾಯನಶಾಸ್ತ್ರದ ಪುಸ್ತಕದ ಒಂದು ಪುಟದಲ್ಲಿದೆ. "ಪ್ರಮಾಣಿತ ವಿದ್ಯುದ್ವಾರ ವಿಭವಗಳು" ಅನ್ನೋ ಪಟ್ಟಿ ಅದು. ಪರೀಕ್ಷೆಗೆ ಅಂತ ಅದನ್ನು ಬಾಯಿಪಾಠ ಮಾಡೋದು ಬೇಡ. ಅದನ್ನು ಓದೋದು ಹೇಗೆ ಅಂತ ಈ ಬಕೆಟ್ಟಿನ ಲೆಕ್ಕದ ಮೂಲಕವೇ ಕಲಿಯೋಣ.

ಮೊದಲು ವಸ್ತುವಿನ ಪರಿಚಯ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, CuSO₄·5H₂O. ಶಾಂತಿನಗರ, ಗದ್ವಾಲ ಕಡೆಯ ಗೊಬ್ಬರದ ಅಂಗಡಿಯಲ್ಲಿ ತೆಲುಗಿನಲ್ಲಿ ಕೇಳಿದರೂ ಹೆಚ್ಚುಕಡಿಮೆ ಇದೇ ಹೆಸರು. ಅದರ ದ್ರಾವಣಕ್ಕೆ ಸುಣ್ಣ ಸೇರಿಸಿದರೆ ಬೋರ್ಡೋ ದ್ರಾವಣ. ಶೇಕಡ 1ರ ದ್ರಾವಣಕ್ಕೆ ಲೆಕ್ಕ ಸುಲಭ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟಗಳಿಗಾಗಿ 1885ರಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಇದನ್ನು ಪ್ರಕಟಿಸಿದರು. ನಮ್ಮ ಕನ್ನಡ ನಾಡಿಗೆ ಇದು ಬೇರೂರಿದ್ದು ಅಡಿಕೆಯ ಕೊಳೆರೋಗದಿಂದ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ದ್ರಾವಣವನ್ನು ಅಡಿಕೆ ಗೊನೆಗೆ ಸಿಂಪಡಿಸುವ ಕ್ರಮ ತಂದರು. ಮಲೆನಾಡಿನಲ್ಲಿ ಇವತ್ತಿಗೂ ಮಳೆಗಾಲ ಶುರುವಾಗುವ ಹೊತ್ತಿಗೆ ಮೊದಲ ಕೆಲಸ ಇದೇ. ಒಣ ಸೀಮೆಯಲ್ಲಿ ನಿಂಬೆ, ದಾಳಿಂಬೆ ತೋಟದವರೂ ಬಳಸುತ್ತಾರೆ.

ಈಗ ಪಟ್ಟಿಗೆ ಬನ್ನಿ. ನಮಗೆ ಬೇಕಾದ ಆರು ಸಾಲು ಮಾತ್ರ ಇಲ್ಲಿ ಬರೆದಿದ್ದೇನೆ.

Ag⁺ + e⁻ → Ag : +0.80 ವೋಲ್ಟ್
Cu²⁺ + 2e⁻ → Cu : +0.34 ವೋಲ್ಟ್
2H⁺ + 2e⁻ → H₂ : 0.00 ವೋಲ್ಟ್
Fe²⁺ + 2e⁻ → Fe : −0.44 ವೋಲ್ಟ್
Zn²⁺ + 2e⁻ → Zn : −0.76 ವೋಲ್ಟ್
Al³⁺ + 3e⁻ → Al : −1.66 ವೋಲ್ಟ್

ಪ್ರತಿ ಸಾಲನ್ನೂ ಒಂದೇ ರೀತಿ ಬರೆದಿರುವುದನ್ನು ಗಮನಿಸಿ. ಎಡಗಡೆ ಇರುವ ಅಯಾನು ಎಲೆಕ್ಟ್ರಾನನ್ನು ತೆಗೆದುಕೊಂಡು ಬಲಗಡೆಯ ವಸ್ತುವಾಗುತ್ತದೆ. ಅಂದರೆ ಎಲ್ಲ ಸಾಲುಗಳೂ ಅಪಕರ್ಷಣದ ಸಾಲುಗಳು. ಎಡಗಡೆಯವರೆಲ್ಲ ಎಲೆಕ್ಟ್ರಾನ್ ತಗೊಳ್ಳೋರು, ಬಲಗಡೆಯವರೆಲ್ಲ ಕೊಡಬಲ್ಲವರು. ಅಂಕಿ ಹೆಚ್ಚು ಧನವಾದಷ್ಟೂ ಎಡಗಡೆಯವನಿಗೆ ತಗೊಳ್ಳೋ ಆಸೆ ಜಾಸ್ತಿ. ಅಂಕಿ ಹೆಚ್ಚು ಋಣವಾದಷ್ಟೂ ಬಲಗಡೆಯವನಿಗೆ ಕೊಟ್ಟುಬಿಡುವ ಆತುರ ಜಾಸ್ತಿ. ಹೈಡ್ರೋಜನ್‌ಗೆ ಸೊನ್ನೆ ಅಂತ ಇಟ್ಟಿದ್ದು ಬರೀ ಒಪ್ಪಂದ. ಊರಿನ ಎತ್ತರವನ್ನು ಸಮುದ್ರ ಮಟ್ಟದಿಂದ ಅಳೀತೀವಲ್ಲ, ಹಾಗೆ.

ಕೆಲವು ಪುಸ್ತಕಗಳಲ್ಲಿ ಈ ಪಟ್ಟಿಯನ್ನು ತಲೆಕೆಳಗಾಗಿ ಮುದ್ರಿಸುತ್ತಾರೆ, ಲಿಥಿಯಂ ಮೇಲೆ ಇರುತ್ತದೆ. ಇನ್ನು ಕೆಲವು ಹಳೆಯ ಪುಸ್ತಕಗಳಲ್ಲಿ ಉತ್ಕರ್ಷಣದ ವಿಭವ ಕೊಟ್ಟು ಎಲ್ಲ ಚಿಹ್ನೆಗಳನ್ನೂ ತಿರುಗಿಸಿರುತ್ತಾರೆ. ಹಾಗಾಗಿ "ಮೇಲಿನದು, ಕೆಳಗಿನದು" ಅಂತ ಉರು ಹೊಡೆಯೋ ಬದಲು, ಪಟ್ಟಿ ಕೈಗೆ ಬಂದ ಕೂಡಲೇ ಮೊದಲು ಬಾಣದ ಗುರುತು ನೋಡಿ, ಆಮೇಲೆ ಸತುವಿನ ಚಿಹ್ನೆ ನೋಡಿ. ಎಲೆಕ್ಟ್ರಾನ್ ಎಡಗಡೆ ಇದ್ದು ಸತುವಿಗೆ −0.76 ಇದ್ದರೆ ಅದು ನಮ್ಮ ಪಟ್ಟಿಯೇ.

ಕಬ್ಬಿಣದ ಬಕೆಟ್ಟಿನಲ್ಲಿ ಮೈಲುತುತ್ತದ ದ್ರಾವಣ ಇದೆ. ಇಲ್ಲಿ ನಿಜವಾಗಿ ಯಾರ್ಯಾರಿದ್ದಾರೆ? ನೀರಿನಲ್ಲಿ Cu²⁺ ಇದೆ. ಅದು ಎಡಗಡೆಯವನು, ತಗೊಳ್ಳೋನು. ಬಕೆಟ್ಟಿನ ಗೋಡೆಯಲ್ಲಿ Fe ಇದೆ. ಅದು ಬಲಗಡೆಯವನು, ಕೊಡೋನು. ಒಬ್ಬ ಕೊಡೋನು, ಒಬ್ಬ ತಗೊಳ್ಳೋನು ಇಬ್ಬರೂ ಇದ್ದಾಗ ಮಾತ್ರ ಲೆಕ್ಕ ಮುಂದೆ ಹೋಗುತ್ತದೆ. ಈ ಮೊದಲ ಹೆಜ್ಜೆಯನ್ನು ಬಿಟ್ಟು ನೇರ ಅಂಕಿಗೆ ಕೈಹಾಕೋದೇ ಹೆಚ್ಚಿನ ತಪ್ಪುಗಳ ಮೂಲ. ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಸತುವಿನ ಸಲ್ಫೇಟ್ ದ್ರಾವಣ ಬೆರೆಸಿದರೆ ಏನಾಗುತ್ತದೆ ಅಂತ ಕೇಳಿದರೆ ಎಷ್ಟೋ ಮಂದಿ 0.34ರಿಂದ −0.76 ಕಳೆದು 1.10 ಅಂತ ಬರೆದುಬಿಡುತ್ತಾರೆ. ಆದರೆ ಅಲ್ಲಿ ಇರೋರು Cu²⁺ ಮತ್ತು Zn²⁺, ಇಬ್ಬರೂ ತಗೊಳ್ಳೋರೇ. ಕೊಡೋನೇ ಇಲ್ಲದ ಮೇಲೆ ಯಾವ ಕ್ರಿಯೆ?

ನಮ್ಮ ಬಕೆಟ್ಟಿನಲ್ಲಿ ಇಬ್ಬರೂ ಇದ್ದಾರೆ. ತಗೊಳ್ಳೋನ ಸಾಲಿನ ಅಂಕಿಯಿಂದ ಕೊಡೋನ ಸಾಲಿನ ಅಂಕಿಯನ್ನು ಕಳೆಯಿರಿ. ಪುಸ್ತಕದ ಭಾಷೆಯಲ್ಲಿ ತಗೊಳ್ಳೋ ಜಾಗ ಕ್ಯಾಥೋಡ್, ಕೊಡೋ ಜಾಗ ಆನೋಡ್.

E° = 0.34 − (−0.44) = +0.78 ವೋಲ್ಟ್

ಉತ್ತರ ಧನ ಬಂತು, ಅಂದರೆ ಕ್ರಿಯೆ ತನ್ನಷ್ಟಕ್ಕೆ ನಡೆಯಬಲ್ಲದು: Fe + Cu²⁺ → Fe²⁺ + Cu. ಇಲ್ಲಿ ಎರಡು ಋಣ ಚಿಹ್ನೆಗಳು ಒಟ್ಟಿಗೆ ಬಂದಿವೆ ನೋಡಿ. ಒಂದನ್ನು ಮರೆತು 0.34 − 0.44 ಅಂತ ಮಾಡಿದರೆ −0.10 ಬರುತ್ತೆ, "ಕ್ರಿಯೆ ನಡೆಯಲ್ಲ" ಅಂತ ಬರೀತೀರಿ, ಬಕೆಟ್ ಮಾತ್ರ ನಿಮ್ಮ ಉತ್ತರ ಓದದೆ ತೂತಾಗುತ್ತೆ.

ಎಷ್ಟು ತೂತು ಅನ್ನೋದನ್ನೂ ಲೆಕ್ಕ ಹಾಕಬಹುದು. 1 ಕೆಜಿ ಮೈಲುತುತ್ತದಲ್ಲಿ ಸುಮಾರು 4 ಮೋಲ್ ತಾಮ್ರವಿದೆ, ಅಂದರೆ 254 ಗ್ರಾಂ. ಕ್ರಿಯೆ ಪೂರ್ತಿ ನಡೆದರೆ 4 ಮೋಲ್ ಕಬ್ಬಿಣ, ಸುಮಾರು 224 ಗ್ರಾಂ, ಬಕೆಟ್ಟಿನಿಂದ ಕರಗಿಹೋಗುತ್ತದೆ. 254 ಗ್ರಾಂ ತಾಮ್ರ ಕೆಂಪು ರಾಡಿಯಾಗಿ ತಳಕ್ಕೆ ಕೂರುತ್ತದೆ. ಬಕೆಟ್ ಹೋದದ್ದು ಚಿಕ್ಕ ನಷ್ಟ. ಶಿಲೀಂಧ್ರವನ್ನು ಕೊಲ್ಲಬೇಕಾದ ತಾಮ್ರ ತಳದಲ್ಲಿ ಉಳಿದು, ಗಿಡಕ್ಕೆ ಹೋಗೋದು ಕಬ್ಬಿಣದ ನೀರು. ಆಮೇಲೆ ರೋಗ ಬಂದಾಗ ಔಷಧಿಯನ್ನು ದೂರಿ ಪ್ರಯೋಜನವಿಲ್ಲ.

ದ್ರಾವಣದ ಬಣ್ಣವೂ ಒಂದು ಮಾತು ಹೇಳುತ್ತದೆ. ನೀಲಿ ಹೋಗಿ ತಿಳಿ ಹಸಿರು ಬರುತ್ತದೆ. ಅದು Fe²⁺ ಬಣ್ಣ. ಕಬ್ಬಿಣ ಇನ್ನೊಂದು ಎಲೆಕ್ಟ್ರಾನನ್ನೂ ತಾಮ್ರಕ್ಕೆ ಕೊಟ್ಟು Fe³⁺ ಯಾಕೆ ಆಗಲಿಲ್ಲ? ದೊಡ್ಡ ಪಟ್ಟಿಯಲ್ಲಿ ಕಬ್ಬಿಣಕ್ಕೆ ಇನ್ನೊಂದು ಸಾಲು ಇದೆ: Fe³⁺ + e⁻ → Fe²⁺, +0.77 ವೋಲ್ಟ್. ಈಗ ಕೊಡೋನು Fe²⁺, ಅವನ ಸಾಲು ಇದು. 0.34 − 0.77 = −0.43. ಋಣ ಬಂತು, ನಡೆಯಲ್ಲ. ಇದನ್ನೇ ತಿರುಗಿಸಿ ಓದಿ: Fe³⁺ ತಗೊಳ್ಳೋನು, ತಾಮ್ರದ ಲೋಹ ಕೊಡೋನು, +0.43 ವೋಲ್ಟ್, ನಡೆಯುತ್ತೆ. ರೇಡಿಯೋ, ಟಿವಿ ಒಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿ ಬೇಡದ ತಾಮ್ರವನ್ನು ಕರಗಿಸಿ ತೆಗೆಯಲು ಫೆರಿಕ್ ಕ್ಲೋರೈಡ್ ಬಳಸೋದು ಇದೇ ಕಾರಣಕ್ಕೆ. "ತಾಮ್ರ ಕಬ್ಬಿಣಕ್ಕಿಂತ ಕಡಿಮೆ ಕ್ರಿಯಾಶೀಲ, ಆದ್ದರಿಂದ ಕಬ್ಬಿಣದ ಲವಣದ ಜೊತೆ ಕ್ರಿಯೆ ಇಲ್ಲ" ಅಂತ ಹತ್ತನೇ ತರಗತಿಯ ಶ್ರೇಣಿ ನೋಡಿ ಬರೆದರೆ ಇಲ್ಲಿ ಸಿಕ್ಕಿಬೀಳ್ತೀರಿ. ಶ್ರೇಣಿಯಲ್ಲಿ ಲೋಹದ ಹೆಸರಷ್ಟೇ ಇರುತ್ತದೆ. ಪಟ್ಟಿಯಲ್ಲಿ ಯಾವ ಅಯಾನಿನಿಂದ ಯಾವುದಕ್ಕೆ ಅನ್ನೋದು ಇರುತ್ತದೆ.

ಇನ್ನು ಉಳಿದ ಪಾತ್ರೆಗಳು. ಕಲಾಯಿ ಹಾಕಿದ ತಗಡಿನ ಬಕೆಟ್ ಅಂದರೆ ಕಬ್ಬಿಣದ ಮೇಲೆ ಸತುವಿನ ಲೇಪ. ಸತುವಿಗೆ ಲೆಕ್ಕ 0.34 − (−0.76) = 1.10 ವೋಲ್ಟ್, ಕಬ್ಬಿಣಕ್ಕಿಂತ ಮೊದಲು ಲೇಪ ಹೋಗುತ್ತದೆ, ಆಮೇಲೆ ಕಬ್ಬಿಣದ ಸರದಿ. ತಾಮ್ರದ ಹಂಡೆಯಾದರೆ ತಗೊಳ್ಳೋನೂ ಕೊಡೋನೂ ಒಂದೇ ಸಾಲಿನವರು, ವ್ಯತ್ಯಾಸ ಸೊನ್ನೆ, ಏನೂ ಆಗಲ್ಲ. (ಆದರೆ ಆ ಹಂಡೆಯಲ್ಲಿ ಮತ್ತೆ ಕುಡಿಯೋ ನೀರು ತುಂಬೋ ಹಾಗಿಲ್ಲ. ಮೈಲುತುತ್ತ ವಿಷ.)

ಇದೇ ಕ್ರಿಯೆಯನ್ನು ಪ್ರಯೋಗಶಾಲೆಯಲ್ಲಿ ಕೋಶವಾಗಿ ಮಾಡಬಹುದು. ಒಂದು ಬೀಕರಿನಲ್ಲಿ ಸತುವಿನ ಸಲ್ಫೇಟ್ ಮತ್ತು ಸತುವಿನ ಪಟ್ಟಿ, ಇನ್ನೊಂದರಲ್ಲಿ ತಾಮ್ರದ ಸಲ್ಫೇಟ್ ಮತ್ತು ತಾಮ್ರದ ಪಟ್ಟಿ, ನಡುವೆ ಪೊಟ್ಯಾಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿದ ಫಿಲ್ಟರ್ ಕಾಗದದ ಲವಣ ಸೇತುವೆ. ಬಕೆಟ್ಟಿನಲ್ಲಿ ಕೊಡೋನೂ ತಗೊಳ್ಳೋನೂ ಮೈಗೆ ಮೈ ತಾಗಿಸಿಕೊಂಡಿದ್ದರು. ಇಲ್ಲಿ ಎಲೆಕ್ಟ್ರಾನ್ ತಂತಿಯ ಮೂಲಕವೇ ಹೋಗಬೇಕು, ಅದಕ್ಕೇ ಮಲ್ಟಿಮೀಟರ್ ಅದನ್ನು ಅಳೆಯುತ್ತದೆ. ಮೀಟರಿನ ಕೆಂಪು ತಂತಿ ತಾಮ್ರಕ್ಕೆ, ಕಪ್ಪು ತಂತಿ ಸತುವಿಗೆ ಹಿಡಿದರೆ 1.1ರ ಹತ್ತಿರ ಧನ ಅಂಕಿ ಬರುತ್ತೆ. ತಂತಿ ಅದಲುಬದಲು ಮಾಡಿದರೆ ಅದೇ ಅಂಕಿ ಋಣವಾಗಿ ಕಾಣುತ್ತೆ. ಕ್ರಿಯೆ ದಿಕ್ಕು ಬದಲಿಸಿಲ್ಲ, ನೀವು ಅದನ್ನು ಉಲ್ಟಾ ಓದುತ್ತಿದ್ದೀರಿ ಅಷ್ಟೇ. ಪಟ್ಟಿಯ ಲೆಕ್ಕದಲ್ಲಿ ಋಣ ಉತ್ತರ ಬಂದಾಗಲೂ ಅರ್ಥ ಇದೇ: ಬರೆದ ದಿಕ್ಕಿನಲ್ಲಿ ಆಗಲ್ಲ, ಎದುರು ದಿಕ್ಕಿನಲ್ಲಿ ಆಗಬಲ್ಲದು.

ಅಲ್ಯೂಮಿನಿಯಂ ಪಾತ್ರೆಯನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದೇನೆ. ಸಮತೋಲನ ಮಾಡಿದ ಸಮೀಕರಣ ಹೀಗೆ: 2Al + 3Cu²⁺ → 2Al³⁺ + 3Cu. ಹಾಗಾದರೆ ತಾಮ್ರದ 0.34 ಅನ್ನು ಮೂರರಿಂದ, ಅಲ್ಯೂಮಿನಿಯಂನ 1.66 ಅನ್ನು ಎರಡರಿಂದ ಗುಣಿಸಬೇಕಾ? ಬೇಡ. ವಿಭವ ಅಂದರೆ ಒಂದೊಂದು ಕೂಲಂಬ್ ವಿದ್ಯುತ್ತಿಗೆ ಎಷ್ಟು ಶಕ್ತಿ ಅನ್ನೋ ಲೆಕ್ಕ. ಊರಿನ ನೀರಿನ ಟ್ಯಾಂಕಿನಿಂದ ಎರಡು ಕೊಡ ಹಿಡಿದರೂ ಮೂರು ಕೊಡ ಹಿಡಿದರೂ ಟ್ಯಾಂಕಿನ ಎತ್ತರ ಬದಲಾಗಲ್ಲ. ಆದ್ದರಿಂದ E° = 0.34 − (−1.66) = 2.00 ವೋಲ್ಟ್, ನಾವು ನೋಡಿದ ಎಲ್ಲ ಪಾತ್ರೆಗಳಲ್ಲೂ ದೊಡ್ಡದು.

ಈ ಅಂಕಿ ನೋಡಿದರೆ ಅಲ್ಯೂಮಿನಿಯಂ ಎಲ್ಲಕ್ಕಿಂತ ಬೇಗ ಕರಗಬೇಕು. ಗಾಜಿನ ಲೋಟದಲ್ಲಿ ಮೈಲುತುತ್ತದ ದ್ರಾವಣ ಹಾಕಿ ಅಲ್ಯೂಮಿನಿಯಂ ತುಂಡು ಬಿಟ್ಟು ನೋಡಿ, ಎಷ್ಟೋ ಹೊತ್ತು ಹೆಚ್ಚೇನೂ ಆಗಲ್ಲ. ಪಕ್ಕದ ಲೋಟದ ಕಬ್ಬಿಣದ ಮೊಳೆ ಆಗಲೇ ಕೆಂಪಾಗಿರುತ್ತೆ. ಈಗ ಅಲ್ಯೂಮಿನಿಯಂ ಲೋಟಕ್ಕೆ ಒಂದು ಚಮಚ ಅಡುಗೆ ಉಪ್ಪು ಹಾಕಿ ಕಲಕಿ. ಸ್ವಲ್ಪದರಲ್ಲೇ ಗುಳ್ಳೆ ಏಳುತ್ತವೆ, ತುಂಡಿನ ಮೇಲೆ ಕೆಂಪು ತಾಮ್ರ ಕಟ್ಟುತ್ತದೆ, ಲೋಟ ಬಿಸಿಯಾಗುತ್ತದೆ. ಅಲ್ಯೂಮಿನಿಯಂ ಮೇಲೆ ಗಾಳಿಯಿಂದಲೇ ಆದ ತೆಳುವಾದ, ಗಟ್ಟಿಯಾದ ಆಕ್ಸೈಡ್ ಪೊರೆ ಇರುತ್ತದೆ. ಅದು ಕೊಡೋನನ್ನೂ ತಗೊಳ್ಳೋನನ್ನೂ ಸೇರಲು ಬಿಡಲ್ಲ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಮುರಿಯುತ್ತದೆ. (ಈ ಪ್ರಯೋಗವನ್ನು ಶಾಲೆಯಲ್ಲಿ ಮೇಷ್ಟ್ರು ಜೊತೆಗಿದ್ದಾಗ, ಸ್ವಲ್ಪವೇ ದ್ರಾವಣ ಇಟ್ಟುಕೊಂಡು ಮಾಡಿ. ಗುಳ್ಳೆ ಹೈಡ್ರೋಜನ್‌ನವು, ಹತ್ತಿರ ಬೆಂಕಿ ಬೇಡ. ಅಡುಗೆ ಮನೆಯ ಪಾತ್ರೆಯನ್ನಂತೂ ಮುಟ್ಟಬೇಡಿ.) ಸ್ಟೀಲ್ ಪಾತ್ರೆ ತಡೆಯೋದೂ ಹೀಗೇ, ಅದರಲ್ಲಿರುವ ಕ್ರೋಮಿಯಂ ಅಂಥದ್ದೇ ಪೊರೆ ಕಟ್ಟಿಕೊಂಡಿರುತ್ತದೆ.

ಹಾಗಾದರೆ ಪಟ್ಟಿ ಸುಳ್ಳು ಹೇಳಿತಾ? ಇಲ್ಲ. ಕ್ರಿಯೆ ಯಾವ ದಿಕ್ಕಿಗೆ ಹೋಗಬಲ್ಲದು ಅನ್ನೋದನ್ನು ಮಾತ್ರ ಅದು ಹೇಳುತ್ತದೆ. ಒಂದು ನಿಮಿಷದಲ್ಲೋ ಒಂದು ವರ್ಷದಲ್ಲೋ ಅನ್ನೋದು ಅದರ ವಿಷಯವೇ ಅಲ್ಲ. ಋಣ ಉತ್ತರ ಬಂದರೆ ಎಷ್ಟು ಕಾದರೂ ಅಷ್ಟೇ. ಧನ ಉತ್ತರ ಬಂದರೆ "ಆಗಬಹುದು, ತಡೆ ಇದೆಯಾ ನೋಡು" ಅಂತ ಓದಿಕೊಳ್ಳಿ.

ಪಟ್ಟಿಯ ತಲೆಯಲ್ಲಿರುವ "ಪ್ರಮಾಣಿತ" ಅನ್ನೋ ಪದಕ್ಕೂ ಲೆಕ್ಕವಿದೆ. ಪ್ರತಿ ಅಯಾನೂ ಲೀಟರಿಗೆ 1 ಮೋಲ್, ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗಿನ ಅಂಕಿ ಅದು. ನಮ್ಮ ಶೇಕಡ 1ರ ದ್ರಾವಣದಲ್ಲಿ ಲೀಟರಿಗೆ 10 ಗ್ರಾಂ ಮೈಲುತುತ್ತ, ಅಂದರೆ 0.04 ಮೋಲ್ ಮಾತ್ರ. ಇದರಿಂದ ಉತ್ತರ ಬದಲಾಗುತ್ತಾ? ನರ್ನ್‌ಸ್ಟ್ ಸಮೀಕರಣ ಹೇಳೋ ಪ್ರಕಾರ, ಎರಡು ಎಲೆಕ್ಟ್ರಾನಿನ ಅಯಾನು ಹತ್ತು ಪಟ್ಟು ತೆಳುವಾದರೆ ವಿಭವ ಸುಮಾರು 0.03 ವೋಲ್ಟ್ ಇಳಿಯುತ್ತದೆ. 0.04 ಮೋಲಿಗೆ ತಾಮ್ರದ ಅಂಕಿ 0.34ರಿಂದ 0.30ಕ್ಕೆ ಇಳಿಯಿತು. ಕಬ್ಬಿಣದ ಜೊತೆ ಇರುವ 0.78ರ ಅಂತರಕ್ಕೆ ಇದು ಲೆಕ್ಕಕ್ಕೇ ಇಲ್ಲ. ಆದರೆ ತವರ (−0.14) ಮತ್ತು ಸೀಸ (−0.13) ತರಹ ಅಂತರ ಬರೀ 0.01 ಇದ್ದಲ್ಲಿ ದ್ರಾವಣ ತೆಳು ಮಾಡಿದರೇ ದಿಕ್ಕು ತಿರುಗಬಹುದು. ಅಂತರ ಚಿಕ್ಕದಿದ್ದಾಗ ಪಟ್ಟಿ ನೋಡಿ ಅವಸರದಲ್ಲಿ ತೀರ್ಪು ಕೊಡಬೇಡಿ.

ಈಗ ಕುಡುಗೋಲಿನ ಪರೀಕ್ಷೆ ಉಳಿಯಿತು. ಸುಣ್ಣದ ನೀರಿಗೆ ಮೈಲುತುತ್ತದ ದ್ರಾವಣವನ್ನು ನಿಧಾನವಾಗಿ ಸುರಿದು ಕಲಕಿದಾಗ Cu²⁺ ನೀರಿನಲ್ಲಿ ಬಿಡಿಯಾಗಿ ಉಳಿಯಲ್ಲ. ತಿಳಿನೀಲಿ ಘನ ಕಣಗಳಾಗುತ್ತದೆ. ಅದನ್ನು ಸ್ಥೂಲವಾಗಿ ತಾಮ್ರದ ಹೈಡ್ರಾಕ್ಸೈಡ್ ಅಂದುಕೊಳ್ಳೋಣ. ಸುಣ್ಣ ಸಾಕಷ್ಟಿದ್ದರೆ ಕುಡುಗೋಲು ಬೆಳ್ಳಗೇ ಉಳಿಯುತ್ತೆ. ಸುಣ್ಣ ಹಳೆಯದಾಗಿದ್ದು ಸಾಲದೆ ಹೋದರೆ Cu²⁺ ಬಿಡಿಯಾಗಿ ಉಳಿದು ಅಲಗು ಕೆಂಪಾಗುತ್ತದೆ, ಅದೇ 0.78 ವೋಲ್ಟಿನ ಕ್ರಿಯೆ. ಈ ಬಿಡಿ ತಾಮ್ರ ಎಲೆಯನ್ನೂ ಸುಡುತ್ತದೆ, ಅದಕ್ಕೇ ಈ ಪರೀಕ್ಷೆ.

ಆದರೆ ತುಸು ಕೆದಕಿ ನೋಡಿದರೆ ಒಂದು ಸ್ವಾರಸ್ಯ ಇದೆ. ಸುಣ್ಣದ ನೀರಿನಲ್ಲಿ ಆಟಗಾರರು ಬದಲಾದರು, ಹಾಗಾಗಿ ಸಾಲುಗಳನ್ನೂ ಬದಲಿಸಬೇಕು. ಕ್ಷಾರೀಯ ದ್ರಾವಣದ ಪಟ್ಟಿಯಲ್ಲಿ ಹೀಗಿದೆ:

Cu(OH)₂ + 2e⁻ → Cu + 2OH⁻ : −0.22 ವೋಲ್ಟ್
Fe(OH)₂ + 2e⁻ → Fe + 2OH⁻ : −0.88 ವೋಲ್ಟ್

ಕಳೆದರೆ −0.22 − (−0.88) = +0.66. ಇನ್ನೂ ಧನವೇ! ಪಟ್ಟಿಯ ಪ್ರಕಾರ ಸರಿಯಾಗಿ ತಯಾರಾದ ಬೋರ್ಡೋ ದ್ರಾವಣದಲ್ಲೂ ಕುಡುಗೋಲು ಕೆಂಪಾಗಬಹುದು. ಆಗೋದಿಲ್ಲ ಯಾಕೆ ಅಂದರೆ ತಡೆಗಳಿವೆ. ತಾಮ್ರವೆಲ್ಲ ಘನ ಕಣಗಳಲ್ಲಿ ಕೂತಿದೆ, ಅಲಗಿನ ಹತ್ತಿರ ಬರುವ ಅಯಾನು ಬಹಳ ಕಡಿಮೆ. ಜೊತೆಗೆ ಸುಣ್ಣದಂಥ ಕ್ಷಾರದಲ್ಲಿ ಕಬ್ಬಿಣದ ಮೇಲೂ ಅಲ್ಯೂಮಿನಿಯಂಗೆ ಇದ್ದ ಹಾಗೆ ತೆಳು ಪೊರೆ ಕಟ್ಟುತ್ತದೆ. ಸಿಮೆಂಟ್ ಕಾಂಕ್ರೀಟಿನ ಒಳಗಿನ ಕಂಬಿ ತುಕ್ಕು ಹಿಡಿಯದೆ ಇರೋದೂ ಇದರಿಂದಲೇ. ಅಂದರೆ ರೈತರ ಕುಡುಗೋಲು ಅಳೀತಿರೋದು E° ಅನ್ನಲ್ಲ, ಕೆಲವು ನಿಮಿಷದೊಳಗೆ ಕೆಂಪು ಕಟ್ಟುವಷ್ಟು ಬಿಡಿ Cu²⁺ ಇದೆಯಾ ಅನ್ನೋದನ್ನು. ಅದಕ್ಕೇ ಅಲಗನ್ನು ಚೆನ್ನಾಗಿ ಉಜ್ಜಿರಬೇಕು. ತುಕ್ಕು ಅಥವಾ ಎಣ್ಣೆ ಇದ್ದ ಅಲಗು ಸುಣ್ಣ ಕಡಿಮೆ ಇದ್ದಾಗಲೂ "ಎಲ್ಲ ಸರಿ ಇದೆ" ಅಂತ ತೋರಿಸಿಬಿಡುತ್ತೆ.

ಈಗ ನೀವು ಮಾಡಿ ನೋಡಬೇಕಾದ ಲೆಕ್ಕಗಳು. ಉತ್ತರ ಕೆಳಗೇ ಇದೆ, ಮೊದಲು ಕೈಯಿಂದ ಮುಚ್ಚಿಕೊಳ್ಳಿ.

1. ಬೆಳ್ಳಿಯ ಕಾಲುಂಗುರ ಮೈಲುತುತ್ತದ ದ್ರಾವಣಕ್ಕೆ ಬಿತ್ತು. ಬೆಳ್ಳಿ ಕರಗುತ್ತದೆಯೇ?
2. ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ತಾಮ್ರದ ತಂತಿ ಇಟ್ಟರೆ ಏನು ಕಾಣುತ್ತೀರಿ? E° ಎಷ್ಟು?
3. ಬೆಳೆಗೆ ಹಾಕುವ ಸತುವಿನ ಸಲ್ಫೇಟನ್ನು ಕಲಾಯಿ ಇಲ್ಲದ ಕಬ್ಬಿಣದ ಬಕೆಟ್ಟಿನಲ್ಲಿ ಕರಗಿಸಿದರೆ ಕಬ್ಬಿಣದ ಮೇಲೆ ಸತು ಕಟ್ಟುತ್ತದೆಯೇ? ಬಕೆಟ್ ಸುರಕ್ಷಿತವೇ?

ಒಂದಕ್ಕೆ: 0.34 − 0.80 = −0.46, ಕರಗಲ್ಲ. ಎರಡಕ್ಕೆ: 0.80 − 0.34 = +0.46; ತಂತಿಯ ಮೇಲೆ ಬೆಳ್ಳಿಯ ಹರಳು ಬೆಳೆಯುತ್ತವೆ, ನೀರು ನಿಧಾನವಾಗಿ ನೀಲಿಯಾಗುತ್ತದೆ. ಸಮೀಕರಣದಲ್ಲಿ 2Ag⁺ ಬಂದರೂ 0.80 ಅನ್ನು ಎರಡರಿಂದ ಗುಣಿಸಿಲ್ಲ. ಮೂರಕ್ಕೆ: −0.76 − (−0.44) = −0.32, ಸತು ಕಟ್ಟಲ್ಲ. ಆದರೆ "ಬಕೆಟ್ ಸುರಕ್ಷಿತ" ಅಂತ ಬರೆದವರಿಗೆ ಅರ್ಧ ಅಂಕ ಮಾತ್ರ. ನೀರಿನಲ್ಲಿ ಗಾಳಿಯ ಆಕ್ಸಿಜನ್ ಕರಗಿದೆ, ಅದೂ ಒಬ್ಬ ತಗೊಳ್ಳೋನು, ಅದರ ಸಾಲು O₂ + 4H⁺ + 4e⁻ → 2H₂O, +1.23 ವೋಲ್ಟ್. ಆ ಸಾಲಿನಿಂದ ಕಬ್ಬಿಣದ ಸಾಲನ್ನು ಕಳೆದು ನೋಡಿ. ಬಕೆಟ್ ತುಕ್ಕು ಹಿಡಿಯೋದು ಯಾಕೆ ಅಂತ ಅಲ್ಲೇ ಇದೆ.